ಗೆರೆ ದಾಟಿದ ಒಂದು ಅಂಕಿ

ಅತ್ತಿಗೆ ಆ ರಿಪೋರ್ಟನ್ನು ಮಡಚದೆ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ತಂದಿದ್ದರು. ನಾಲ್ಕು ಪುಟ. ಮೂರು ಪುಟ ಅವರು ಓದಿಯೇ ಇರಲಿಲ್ಲ. ನಾಲ್ಕನೆಯದರಲ್ಲಿ ಒಂದು ಸಾಲು ದಪ್ಪಕ್ಷರದಲ್ಲಿತ್ತು. ಟಿಎಸ್‌ಎಚ್ 5.3, ಪಕ್ಕದಲ್ಲಿ ಹೆಚ್ಚು ಎಂದು ಸೂಚಿಸುವ ‘ಎಚ್’ ಅಕ್ಷರ, ಅದರಾಚೆ ಆ ಲ್ಯಾಬಿನ ಮಿತಿ: 0.4ರಿಂದ 4.2.

“ನೋಡಪ್ಪ, ನಂಗೆ ಥೈರಾಯ್ಡ್ ಬಂದಿದೆ.”

“ಯಾರು ಹೇಳಿದ್ರು ಅತ್ತಿಗೆ?”

“ಎದುರು ಮನೆಯವರು. ಅವರೂ ಹತ್ತು ವರ್ಷದಿಂದ ಮಾತ್ರೆ ತಗೋತಿದ್ದಾರೆ. ಇಪ್ಪತ್ತೈದರ ಮಾತ್ರೆ ಬೇಗ ಶುರು ಮಾಡಿಬಿಡಿ, ಬಿಟ್ರೆ ಏರ್ತಾ ಹೋಗುತ್ತೆ ಅಂದ್ರು.”

ಅವರಿಗೆ 41 ವರ್ಷ, ಹೈಸ್ಕೂಲು ಮೇಡಂ. ಸುಸ್ತು, ಕೂದಲು ಉದುರುವುದು, ಸ್ವಲ್ಪ ತೂಕ ಏರಿದ್ದು ಎಲ್ಲವೂ ಆ ಒಂದು ಅಂಕಿಗೆ ಬಂದು ಅಂಟಿಕೊಂಡಿದ್ದವು. ಆಸ್ಪತ್ರೆ ಲ್ಯಾಬಿನಲ್ಲಿ ಬಹಳ ವರ್ಷ ರಕ್ತದ ಮಾದರಿಗಳ ಜೊತೆಗೇ ಬದುಕಿದವನು ನಾನು. ನನ್ನ ಮೊದಲ ಪ್ರಶ್ನೆ ಬೇರೆಯೇ ಇತ್ತು. ರಕ್ತ ಯಾವಾಗ ಕೊಟ್ಟಿರಿ?

ಧಾರವಾಡದ ಮದುವೆ ಮುಗಿಸಿ ರಾತ್ರಿ ಬಸ್ಸಿನಲ್ಲಿ ಹಾಸನಕ್ಕೆ ಬಂದಿಳಿದಿದ್ದಾರೆ. ಬಸ್ಸಿನಲ್ಲಿ ಕಣ್ಣು ಮುಚ್ಚಿಲ್ಲ. ಹೇಗೂ ಹೊಟ್ಟೆ ಖಾಲಿ ಇದೆಯಲ್ಲ ಎಂದು ಮನೆಗೂ ಹೋಗದೆ ನೇರ ಲ್ಯಾಬಿಗೆ ಹೋಗಿ, ಬೆಳಗ್ಗೆ ಆರೂಮುಕ್ಕಾಲಿಗೆ ‘ಫುಲ್ ಬಾಡಿ ಚೆಕಪ್’ ಮಾಡಿಸಿದ್ದಾರೆ. ಮದುವೆಗೆ ಹೋಗುವ ಮೊದಲು ಒಂದು ವಾರ ಜ್ವರ ಬಂದು ಮಲಗಿದ್ದರಂತೆ. ಈ ಮೂರು ಸಂಗತಿಗಳಲ್ಲಿ ಒಂದೂ ರಿಪೋರ್ಟಿನಲ್ಲಿ ಇರಲಿಲ್ಲ. ಮೂರೂ ಆ 5.3ರೊಳಗೆ ಇರಬಹುದಾಗಿತ್ತು.

ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯಿಂದ ಬರುವುದಲ್ಲ. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ಆದೇಶ ಅದು. ಪಿಟ್ಯುಟರಿಯನ್ನು ಮೇಸ್ತ್ರಿ ಎಂದುಕೊಂಡರೆ ಟಿಎಸ್‌ಎಚ್ ಅವನ ದನಿ. ಕುತ್ತಿಗೆಯಲ್ಲಿರುವ ಥೈರಾಯ್ಡ್ ತನ್ನ ಹಾರ್ಮೋನನ್ನು ಕೊಂಚ ಕಡಿಮೆ ಮಾಡಿದರೂ ಸಾಕು, ಮೇಸ್ತ್ರಿಯ ದನಿ ಅದಕ್ಕಿಂತ ಎಷ್ಟೋ ಪಟ್ಟು ಏರುತ್ತದೆ. ಹಾರ್ಮೋನಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬದಲಾವಣೆ ಟಿಎಸ್‌ಎಚ್‌ನಲ್ಲಿ ದೊಡ್ಡದಾಗಿ ಕಾಣುತ್ತದೆ. ರೋಗವನ್ನು ಬೇಗ ಹಿಡಿಯಲು ಈ ಪರೀಕ್ಷೆ ಒಳ್ಳೆಯದು ಎನ್ನುವುದು ಈ ಗುಣದಿಂದಲೇ. ರೋಗವಿಲ್ಲದವರಲ್ಲಿ ಸುಮ್ಮನೆ ತೂಗಾಡುವುದೂ ಇದೇ ಗುಣದಿಂದ.

ಆ ತೂಗಾಟಕ್ಕೆ ದಿನದ ಲಯವೂ ಇದೆ. ಟಿಎಸ್‌ಎಚ್ ನಡುರಾತ್ರಿಯಿಂದ ಬೆಳಗಿನ ಜಾವದ ತನಕ ಅತಿ ಹೆಚ್ಚಿರುತ್ತದೆ, ಹೊತ್ತೇರಿದಂತೆ ಇಳಿದು ಮಧ್ಯಾಹ್ನ ತಳ ಮುಟ್ಟುತ್ತದೆ. ನಿದ್ದೆ ಈ ಏರಿಕೆಗೆ ಕಡಿವಾಣ ಹಾಕುತ್ತದೆ. ನಿದ್ದೆಗೆಟ್ಟ ರಾತ್ರಿ ಆ ಕಡಿವಾಣ ಸಡಿಲ. ಇನ್ನು ಜ್ವರ. ಕಾಯಿಲೆ ಜೋರಾಗಿರುವಾಗ ಟಿಎಸ್‌ಎಚ್ ತಗ್ಗಿ, ಚೇತರಿಸಿಕೊಳ್ಳುವಾಗ ಕೆಲವು ವಾರ ಮಿತಿ ಮೀರಿ ಏರುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಅದು ಮುಖ್ಯವಾಗಿ ಆಸ್ಪತ್ರೆ ಸೇರುವಂಥ ಕಾಯಿಲೆಗಳಲ್ಲಿ ಕಾಣುವಂಥದು, ಅತ್ತಿಗೆಯ ಜ್ವರ ಅಷ್ಟು ಜೋರಿನದಲ್ಲ. ಆದರೂ ಅದನ್ನು ಲೆಕ್ಕದಿಂದ ಪೂರ್ತಿ ತೆಗೆದುಹಾಕಲು ನನಗೆ ಮನಸ್ಸು ಬರಲಿಲ್ಲ.

ಮಿತಿ ಎಂದು ಪಕ್ಕದಲ್ಲಿ ಅಚ್ಚಾಗಿರುತ್ತದಲ್ಲ, ಅದು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಆರೋಗ್ಯವಾಗಿರುವ ನೂರಾರು ಜನರ ರಕ್ತ ಪರೀಕ್ಷಿಸಿ, ಬಂದ ಅಂಕಿಗಳನ್ನು ಸಾಲಾಗಿ ಜೋಡಿಸಿ, ಕೆಳಗಿನ ಶೇ. 2.5 ಮತ್ತು ಮೇಲಿನ ಶೇ. 2.5 ಜನರನ್ನು ಆಚೆಗಿಟ್ಟು ಉಳಿದವರಿಗೆ ಎಳೆದ ಗೆರೆ ಅದು. ಆಚೆಗಿಟ್ಟವರೂ ಆರೋಗ್ಯವಂತರೇ. ಫಿನ್ಲೆಂಡಿನ ಗ್ರೆಸ್‌ಬೆಕ್ ಮತ್ತು ಸಾರಿಸ್ ಎಂಬ ವಿಜ್ಞಾನಿಗಳು 1969ರಲ್ಲಿ ‘ನಾರ್ಮಲ್’ ಎಂಬ ಮಾತು ದಾರಿ ತಪ್ಪಿಸುತ್ತದೆ, ಇದನ್ನು ಹೋಲಿಕೆಯ ಅಂಕಿ ಎಂದಷ್ಟೇ ಕರೆಯೋಣ ಎಂದು ಸೂಚಿಸಿದ್ದು ಇದೇ ಗೊಂದಲ ನೋಡಿ. ರಿಪೋರ್ಟುಗಳಲ್ಲಿ ಈಗ ‘ರೆಫರೆನ್ಸ್’ ಎಂದು ಅಚ್ಚಾಗುತ್ತದೆ. ಓದುವವರು ಮಾತ್ರ ಈಗಲೂ ನಾರ್ಮಲ್ ಎಂದೇ ಓದುತ್ತಾರೆ.

ಗೆರೆ ಹೀಗೆ ಎಳೆದದ್ದರಿಂದ ಒಂದು ಪರಿಣಾಮ ತಪ್ಪಿದ್ದಲ್ಲ. ಯಾವುದೇ ಒಂದು ಪರೀಕ್ಷೆಯಲ್ಲಿ 20 ಆರೋಗ್ಯವಂತರಲ್ಲಿ ಒಬ್ಬರ ಅಂಕಿ ಗೆರೆಯಾಚೆ ಬೀಳುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಒಬ್ಬರೇ ಮಾಡಿಸಿದರೆ, ಏನೂ ಕಾಯಿಲೆ ಇಲ್ಲದಿದ್ದರೂ ಒಂದಾದರೂ ದಪ್ಪಕ್ಷರ ಬರುವ ಸಂಭವ ಶೇ. 64. ಪ್ಯಾಕೇಜುಗಳಲ್ಲಿ ಅರವತ್ತು, ಎಪ್ಪತ್ತು ಅಂಕಿಗಳಿರುತ್ತವೆ. ಅವುಗಳಲ್ಲಿ ಹಲವು ಒಂದಕ್ಕೊಂದು ಬಂಧುಗಳಾದ್ದರಿಂದ ಲೆಕ್ಕ ಇಷ್ಟು ಸರಳವಲ್ಲ. ಆದರೂ ನನ್ನ ಅನುಭವದಲ್ಲಿ, ಒಂದೂ ದಪ್ಪಕ್ಷರವಿಲ್ಲದ ಫುಲ್ ಬಾಡಿ ರಿಪೋರ್ಟೇ ಅಪರೂಪ.

ಈಗ ಅತ್ತಿಗೆಯ 5.3ಕ್ಕೆ ಬರೋಣ. ಇಲ್ಲೊಂದು ಸಣ್ಣ ಲೆಕ್ಕವಿದೆ, ನಿಧಾನವಾಗಿ ಹೇಳುತ್ತೇನೆ.

ಆರೋಗ್ಯವಂತ ಒಬ್ಬರ ಟಿಎಸ್‌ಎಚ್ಅನ್ನು ಮತ್ತೆ ಮತ್ತೆ ಅಳೆದರೆ ಅದು ಅವರದೇ ಆದ ಒಂದು ಮಟ್ಟದ ಸುತ್ತ ಏರಿಳಿಯುತ್ತದೆ. ಆ ಏರಿಳಿತದ ಅಳತೆ ಸುಮಾರು ಶೇ. 18. ಯಂತ್ರದ್ದೇ ಆದ ವ್ಯತ್ಯಾಸ ಇನ್ನೊಂದಿಷ್ಟು, ಒಳ್ಳೆಯ ಲ್ಯಾಬಿನಲ್ಲಿ ಶೇ. 4 ಎನ್ನೋಣ. ಎರಡನ್ನೂ ಸಂಖ್ಯಾಶಾಸ್ತ್ರದ ರೀತಿಯಲ್ಲಿ ಸೇರಿಸಿದರೆ ಶೇ. 18.4 ಆಗುತ್ತದೆ. ಎಂದರೆ ಯಂತ್ರದ ಪಾಲು ಲೆಕ್ಕಕ್ಕಿಲ್ಲದಷ್ಟು ಕಡಿಮೆ. ‘ಲ್ಯಾಬಿನವರು ತಪ್ಪು ಕೊಟ್ಟರು’ ಎಂದು ಬೈಯುವವರು ಗಮನಿಸಬೇಕಾದ್ದು ಇದು: ಏರಿಳಿತದ ಬಹುಪಾಲು ನಮ್ಮ ಮೈಯೊಳಗಿನದು.

ಶೇ. 18.4ನ್ನು ಸುಮಾರು ಎರಡರಿಂದ ಗುಣಿಸಿದರೆ ಶೇ. 36. ಒಂದು ಸಲ ಅಳೆದು ಬಂದ ಅಂಕಿಯ ಎಡಬಲಕ್ಕೆ ಇಷ್ಟು ಜಾಗ ಬಿಡಬೇಕು. 5.3ಕ್ಕೆ ಬಿಟ್ಟರೆ 3.4ರಿಂದ 7.2. ಅತ್ತಿಗೆಯ ನಿಜವಾದ ಮಟ್ಟ ಇದರೊಳಗೆ ಎಲ್ಲೋ ಇದೆ. ಗೆರೆ ಇರುವ 4.2ರ ಕೆಳಗೂ ಇರಬಹುದು, ಬಹಳ ಮೇಲೂ ಇರಬಹುದು. ಒಂದು ರಿಪೋರ್ಟಿನಿಂದ ತಿಳಿಯುವುದು ಇಷ್ಟೇ. ಟಿಎಸ್‌ಎಚ್ 25 ಬಂದಿದ್ದರೆ ಈ ಮಾತೇ ಬೇಡ, ಶೇ. 36 ಕಳೆದರೂ ಅದು 16. ಗೆರೆಯ ಹೊಸ್ತಿಲಲ್ಲಿ ನಿಂತ ಅಂಕಿಗೆ ಮಾತ್ರ ಈ ಎಚ್ಚರ ಬೇಕು.

ಇಷ್ಟು ತಿಳಿದ ಮೇಲೆ, ಮತ್ತೊಮ್ಮೆ ಮಾಡಿಸುವುದೋ ಚಿಂತಿಸುವುದೋ ಎಂಬ ಪ್ರಶ್ನೆಗೆ ಉತ್ತರ ಸುಲಭ ಅನಿಸುತ್ತದೆ. ಮತ್ತೊಮ್ಮೆ ಮಾಡಿಸುವುದು. ಆದರೆ ಯಾವಾಗ, ಎಲ್ಲಿ, ಹೇಗೆ ಎಂಬುದರಲ್ಲಿ ಜನ ಎಡವುತ್ತಾರೆ. ನನ್ನ ಪರಿಚಿತರೊಬ್ಬರು ಮಿತಿ ದಾಟಿದ ಅಂಕಿ ಬಂದ ಮರುದಿನವೇ ಊರಿನ ಮೂರು ಲ್ಯಾಬುಗಳಲ್ಲಿ ರಕ್ತ ಕೊಟ್ಟು ಬಂದರು. ಮೂರು ಕಡೆ ಮೂರು ಅಂಕಿ, ಮೂರು ಬೇರೆ ಮಿತಿ. ಅಲ್ಲಿಂದ ಅವರ ಚಿಂತೆ ಮೂರರಷ್ಟಾಯಿತು. ಟಿಎಸ್‌ಎಚ್ ಅಳೆಯುವ ಯಂತ್ರಗಳು ಒಂದೇ ಮಾದರಿಗೆ ಒಂದೇ ಅಂಕಿ ಕೊಡುವುದಿಲ್ಲ. ಒಂದು ಕಂಪನಿಯ ಯಂತ್ರಕ್ಕೆ ಮಿತಿ 4.2 ಇದ್ದರೆ ಇನ್ನೊಂದಕ್ಕೆ 4.9 ಇರಬಹುದು. ಆದ್ದರಿಂದ ಮೊದಲು ಮಾಡಿಸಿದ ಲ್ಯಾಬಿನಲ್ಲೇ ಮಾಡಿಸಬೇಕು. ಮರುದಿನವೇ ಮಾಡಿಸಿದರೆ ಅದೇ ಚೇತರಿಕೆಯ ಕಾಲ, ಅದೇ ನಿದ್ದೆಗೇಡು ಮತ್ತೆ ಅಳತೆಗೆ ಸಿಗುತ್ತದೆ. ಎರಡು ಮೂರು ತಿಂಗಳು ಬಿಟ್ಟು ಮಾಡಿಸಿ ಎಂದು ಯುರೋಪಿನ ಥೈರಾಯ್ಡ್ ತಜ್ಞರ ಸಂಘ 2013ರಲ್ಲಿ ಹೇಳಿದ್ದು ಇದಕ್ಕೇ. ಜೊತೆಗೆ ಫ್ರೀ ಟಿ4, ಮತ್ತು ದೇಹ ತನ್ನದೇ ಥೈರಾಯ್ಡಿನ ಮೇಲೆ ದಾಳಿ ಮಾಡುತ್ತಿದೆಯೇ ಎಂದು ತೋರಿಸುವ ಟಿಪಿಒ ಆಂಟಿಬಾಡಿ ಪರೀಕ್ಷೆ.

ಟಿಎಸ್‌ಎಚ್‌ಗೆ ಉಪವಾಸ ಬೇಕಿಲ್ಲ. ಚೆನ್ನಾಗಿ ನಿದ್ದೆ ಮಾಡಿ, ತಿಂಡಿ ತಿಂದು, ಒಂಬತ್ತು ಹತ್ತು ಗಂಟೆಗೆ ಹೋಗಬಹುದು. ಕೂದಲಿಗೆಂದು ತಗೊಳ್ಳುವ ಬಯೋಟಿನ್ ಮಾತ್ರೆ ಇದ್ದರೆ ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಬೇಕು. ಕೆಲವು ಯಂತ್ರಗಳಲ್ಲಿ ಅದು ಟಿಎಸ್‌ಎಚ್ಅನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಕೂದಲು ಉದುರುತ್ತದೆಂದೇ ಥೈರಾಯ್ಡ್ ಪರೀಕ್ಷೆಗೆ ಬರುವವರು ಆ ಮಾತ್ರೆಯನ್ನೂ ನುಂಗುತ್ತಿರುತ್ತಾರೆ, ಲ್ಯಾಬಿನವರಿಗೆ ಹೇಳುವುದಿಲ್ಲ.

ಕಾಯಬಾರದವರೂ ಇದ್ದಾರೆ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಗರ್ಭಿಣಿಯರು, ಗರ್ಭಕ್ಕೆ ಪ್ರಯತ್ನಿಸುತ್ತಿರುವವರು ಎರಡು ತಿಂಗಳು ಕಾಯುವ ಹಾಗಿಲ್ಲ, ಅವರ ಮಿತಿಯೇ ಬೇರೆ. ಟಿಎಸ್‌ಎಚ್ 10 ದಾಟಿದ್ದರೆ, ಫ್ರೀ ಟಿ4 ಕಡಿಮೆಯಿದ್ದರೆ, ಕುತ್ತಿಗೆಯಲ್ಲಿ ಊತವಿದ್ದರೆ, ಲಿಥಿಯಂ ಅಥವಾ ಅಮಿಯೊಡರೋನ್ ತಗೊಳ್ಳುತ್ತಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಮಕ್ಕಳಿಗೆ, ಅದರಲ್ಲೂ ಹಸುಗೂಸಿಗೆ, ಈ ಲೇಖನದ ಯಾವ ಮಾತೂ ಅನ್ವಯಿಸುವುದಿಲ್ಲ. ಅತ್ತಿಗೆಯನ್ನು ನಾನು ಇವೆಲ್ಲವನ್ನೂ ಒಂದೊಂದಾಗಿ ಕೇಳಿದೆ. ಎಲ್ಲಕ್ಕೂ ಇಲ್ಲ ಎಂದರು. ಅವರ ವೈದ್ಯರೂ ಕುತ್ತಿಗೆ ಮುಟ್ಟಿ ನೋಡಿ, ಎರಡು ತಿಂಗಳು ಬಿಟ್ಟು ಬನ್ನಿ ಎಂದರು.

“ಅಲ್ಲಿ ತನಕ ಸುಮ್ನೆ ಕೂರೋದಾ? ಚಿಕ್ಕ ಮಾತ್ರೆ ತಾನೆ, ತಗೊಂಡ್ರೆ ಏನಾಗುತ್ತೆ?” ಎಂದು ಅತ್ತಿಗೆ ಹೊರಗೆ ಬಂದು ಕೇಳಿದರು.

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಾತ್ರೆ ಶುರು ಮಾಡಿದರೆ ಟಿಎಸ್‌ಎಚ್ ಇಳಿಯುತ್ತದೆ. ಮಾತ್ರೆ ತಗೊಳ್ಳದೆ ಇದ್ದರೂ ಬಹುಶಃ ಇಳಿಯುತ್ತಿತ್ತು. ಏಕೆಂದರೆ ಏರಿಳಿತದ ತುದಿಯಲ್ಲಿ ಸಿಕ್ಕ ಅಂಕಿ ಮುಂದಿನ ಸಲ ನಡುವಿನ ಕಡೆಗೆ ಸರಿಯುವುದೇ ಹೆಚ್ಚು. ಆದರೆ ಮಾತ್ರೆ ನುಂಗಿದ ಮೇಲೆ ಇವೆರಡನ್ನು ಬೇರ್ಪಡಿಸಲು ದಾರಿಯೇ ಉಳಿಯುವುದಿಲ್ಲ. ‘ಮಾತ್ರೆಯಿಂದ ಸರಿಹೋಯಿತು’ ಎಂದು ಎಲ್ಲರೂ ನಂಬುತ್ತಾರೆ, ನಿಲ್ಲಿಸಲು ಯಾರಿಗೂ ಧೈರ್ಯ ಬರುವುದಿಲ್ಲ, ಒಂದು ಬೆಳಗಿನ ಬಸ್ಸಿನ ನಿದ್ದೆಗೇಡು ಮೂವತ್ತು ವರ್ಷದ ಮಾತ್ರೆಯಾಗುತ್ತದೆ. ಡೋಸು ಹೆಚ್ಚಾದರೆ, ಮುಖ್ಯವಾಗಿ ವಯಸ್ಸಾದವರಲ್ಲಿ, ಎದೆಬಡಿತ ತಾಳ ತಪ್ಪುವುದು, ಮೂಳೆ ಸವೆಯುವುದು ಉಂಟು. ಸುಸ್ತಿನ ಮಾತಿಗೆ ಬಂದರೆ, 65 ದಾಟಿದ, ಟಿಎಸ್‌ಎಚ್ ಸ್ವಲ್ಪ ಹೆಚ್ಚಿದ್ದ 737 ಜನರಲ್ಲಿ ಅರ್ಧದಷ್ಟು ಮಂದಿಗೆ ಮಾತ್ರೆ, ಉಳಿದವರಿಗೆ ಅದರಂತೆಯೇ ಕಾಣುವ ಔಷಧವಿಲ್ಲದ ಗುಳಿಗೆ ಕೊಟ್ಟು ನೋಡಿದ ಯುರೋಪಿನ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಒಂದು ವರ್ಷ ಕಳೆದ ಮೇಲೂ ಸುಸ್ತಿನಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಅತ್ತಿಗೆ ಆ ವಯಸ್ಸಿನವರಲ್ಲ, ಆ ಫಲಿತಾಂಶವನ್ನು ಅವರಿಗೆ ನೇರವಾಗಿ ಹಚ್ಚಲಾಗದು. ಆದರೆ ‘ಟಿಎಸ್‌ಎಚ್ ಇಳಿದರೆ ಸುಸ್ತೂ ಇಳಿಯುತ್ತದೆ’ ಎಂಬ ನಂಬಿಕೆ ಎಷ್ಟು ಗಟ್ಟಿ ಎಂಬುದಕ್ಕೆ ಅದು ಒಂದು ಸಾಕ್ಷಿ.

ಎಂಟು ವಾರ ಕಳೆಯಿತು. ಅದೇ ಲ್ಯಾಬು, ಬೆಳಗ್ಗೆ ಒಂಬತ್ತೂವರೆ, ಇಡ್ಲಿ ತಿಂದ ಮೇಲೆ. ಟಿಎಸ್‌ಎಚ್ 4.4. ಫ್ರೀ ಟಿ4 ಮಿತಿಯ ನಡುಮಧ್ಯ. ಟಿಪಿಒ ಆಂಟಿಬಾಡಿ ಇಲ್ಲ. 4.4 ಕೂಡ ಗೆರೆಯಾಚೆಗಿನದೇ ಆದ್ದರಿಂದ ದಪ್ಪಕ್ಷರ ಹಾಗೆಯೇ ಇತ್ತು.

“ಇಳಿದಿದೆ ಕಣೋ! ಆದ್ರೂ ಎಚ್ ಹೋಗಿಲ್ಲ” ಎಂದು ಅತ್ತಿಗೆ ಫೋನು ಮಾಡಿದರು. ದನಿಯಲ್ಲಿ ಖುಷಿಯೂ ಇತ್ತು, ಅಳುಕೂ ಇತ್ತು.

ನಿಜ ಹೇಳಬೇಕೆಂದರೆ ಇಳಿದಿದೆ ಎನ್ನಲೂ ಆಗುವುದಿಲ್ಲ. ಎರಡು ಅಂಕಿಗಳ ನಡುವೆ ನಿಜವಾದ ಬದಲಾವಣೆ ಆಗಿದೆಯೇ ಎಂದು ನೋಡಲು ಲ್ಯಾಬಿನವರ ಹತ್ತಿರ ಒಂದು ಲೆಕ್ಕವಿದೆ. ಎರಡೂ ಅಂಕಿಗಳು ತಮ್ಮ ತಮ್ಮ ಪಾಡಿಗೆ ತೂಗಾಡುತ್ತಿರುವುದರಿಂದ, ಆ ಶೇ. 18.4ನ್ನು 2.77ರಿಂದ ಗುಣಿಸಬೇಕು. ಬರುವುದು ಶೇ. 51. ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಬದಲಾದರೆ ಮಾತ್ರ ಮೈಯಲ್ಲಿ ಏನೋ ನಿಜವಾಗಿ ಬದಲಾಗಿದೆ ಎಂದು ಗಟ್ಟಿಯಾಗಿ ಹೇಳಬಹುದು. 5.3ರಿಂದ ಶುರು ಮಾಡಿದರೆ, 2.6ಕ್ಕೆ ಇಳಿದಿರಬೇಕು ಅಥವಾ 8ಕ್ಕೆ ಏರಿರಬೇಕು. 4.4 ಎಂದರೆ ಶೇ. 17ರ ಇಳಿಕೆ. ಏರಿಳಿತದ ಒಳಗಿನದೇ. ಎರಡನೆಯದು 6.2 ಬಂದಿದ್ದರೆ ಅತ್ತಿಗೆ ಆ ರಾತ್ರಿ ಮಲಗುತ್ತಿರಲಿಲ್ಲ. ಲೆಕ್ಕದ ಕಣ್ಣಿಗೆ ಅದೂ ಇಷ್ಟೇ ಆಗಿರುತ್ತಿತ್ತು. ಏರಿತೆಂದು ಹೆದರಿದ್ದು ತಪ್ಪಾದರೆ, ಇಳಿಯಿತೆಂದು ಹಿಗ್ಗಿದ್ದೂ ತಪ್ಪೇ.

ಹಾಗಾದರೆ ಎರಡನೇ ಸಲ ಮಾಡಿಸಿ ಬಂದ ಲಾಭವೇನು? ಎರಡರ ಸರಾಸರಿ. 5.3 ಮತ್ತು 4.4ರ ಸರಾಸರಿ 4.85, ಅದರ ಎಡಬಲದ ಜಾಗ ಶೇ. 36ರಿಂದ ಶೇ. 25ರ ಹತ್ತಿರಕ್ಕೆ ಕುಗ್ಗುತ್ತದೆ. ಅತ್ತಿಗೆಯ ನಿಜವಾದ ಮಟ್ಟ 3.6ರಿಂದ 6.1ರೊಳಗೆ ಎಂದು ಈಗ ಹೇಳಬಹುದು. 10ರ ಕಡೆ ಹೋಗುತ್ತಿರುವ ಮೇಲುಗಡೆಯ ಭಯ ಕಡಿಮೆಯಾಯಿತು. ಎರಡನೆಯದು ಬಂದ ಕೂಡಲೇ ಮೊದಲನೆಯದನ್ನು ಎಸೆಯಬಾರದು ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕಾಗಿ. ಗೆರೆಯೊಳಗಿನ ಅಂಕಿ ಬರುವ ತನಕ ಮಾಡಿಸುತ್ತಲೇ ಹೋಗಿ, ಬಂದದ್ದನ್ನು ಮಾತ್ರ ಇಟ್ಟುಕೊಳ್ಳುವವರಿದ್ದಾರೆ. ಅವರ ಕೈಯಲ್ಲಿ ಉಳಿಯುವುದು ಏರಿಳಿತದ ಇನ್ನೊಂದು ತುದಿ ಮಾತ್ರ.

ಆದರೆ ಅತ್ತಿಗೆಯ ವಿಷಯದಲ್ಲಿ ತಕ್ಕಡಿ ತೂಗಿದ್ದು ಟಿಎಸ್‌ಎಚ್‌ಗಿಂತ ಹೆಚ್ಚಾಗಿ ಆಂಟಿಬಾಡಿ. ಅದೇ ಸುಮಾರಿಗೆ ಇನ್ನೊಬ್ಬ ಮಹಿಳೆಯ ರಿಪೋರ್ಟನ್ನೂ ನೋಡಿದ್ದೆ. ಅವರದು ಮೊದಲು 5.4, ಮೂರು ತಿಂಗಳಿಗೆ 6.9. ಏರಿಕೆ ಶೇ. 28, ಅದೂ 51ರ ಒಳಗಿನದೇ. ಟಿಎಸ್‌ಎಚ್ ಮಾತ್ರ ನೋಡಿದರೆ ಇಬ್ಬರೂ ಹೆಚ್ಚುಕಡಿಮೆ ಒಂದೇ. ಆದರೆ ಇವರ ಟಿಪಿಒ ಆಂಟಿಬಾಡಿ ಮಿತಿಯ ಹತ್ತಾರು ಪಟ್ಟು ಇತ್ತು. ಇಂಥ ಇಬ್ಬರ ಮುಂದಿನ ದಾರಿ ಎಷ್ಟು ಬೇರೆ ಎಂದು ಇಂಗ್ಲೆಂಡಿನ ಈಶಾನ್ಯ ಭಾಗದ ವಿಕ್‌ಹ್ಯಾಮ್‌ನಲ್ಲಿ ತಿಳಿದುಬಂತು. 1970ರ ದಶಕದ ಆರಂಭದಲ್ಲಿ ಅಲ್ಲಿ 2,779 ಜನರನ್ನು ಪರೀಕ್ಷಿಸಿ, 20 ವರ್ಷದ ನಂತರ ಅವರನ್ನು ಮತ್ತೆ ಹುಡುಕಿ ನೋಡಿದರು. ಟಿಎಸ್‌ಎಚ್ ಹೆಚ್ಚಿದ್ದು ಆಂಟಿಬಾಡಿಯೂ ಇದ್ದ ಹೆಂಗಸರಲ್ಲಿ ವರ್ಷಕ್ಕೆ ಶೇ. 4.3 ಮಂದಿಯ ಥೈರಾಯ್ಡ್ ಸೋತಿತ್ತು. ಟಿಎಸ್‌ಎಚ್ ಮಾತ್ರ ಹೆಚ್ಚಿದ್ದವರಲ್ಲಿ ಅದು ಶೇ. 2.6. ಎರಡನೆಯದೂ ಸೊನ್ನೆಯಲ್ಲ. ಆದ್ದರಿಂದ ಅತ್ತಿಗೆಯನ್ನು ಮರೆತುಬಿಡುವ ಹಾಗಿಲ್ಲ, ವರ್ಷಕ್ಕೊಮ್ಮೆ ನೋಡಿದರೆ ಸಾಕು ಎಂದು ವೈದ್ಯರು ಹೇಳಿದರು. ಆ ಇನ್ನೊಬ್ಬರಿಗೆ ಆರು ತಿಂಗಳಿಗೊಮ್ಮೆ, ಮತ್ತು ಯಾವಾಗ ಮಾತ್ರೆ ಶುರು ಮಾಡಬೇಕೆಂಬ ಮಾತುಕತೆ ಈಗಿಂದಲೇ.

ಈ ಶೇ. 51ರ ಲೆಕ್ಕವನ್ನು ಕಂಡ ಕಂಡ ಪರೀಕ್ಷೆಗೆಲ್ಲ ಹಚ್ಚಬಾರದು. ಒಂದೊಂದು ಪರೀಕ್ಷೆಯ ತೂಗಾಟ ಒಂದೊಂದು ಥರ. ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಒಬ್ಬರಲ್ಲಿ ಶೇ. 2ರಷ್ಟೂ ಅಲುಗಾಡುವುದಿಲ್ಲ. ಅಲ್ಲಿ ಸಣ್ಣ ಏರಿಕೆಗೂ ಅರ್ಥವಿದೆ. ಮೂತ್ರಪಿಂಡದ ಕ್ರಿಯಾಟಿನಿನ್ ಕೂಡ ಸುಮಾರು ಶೇ. 5ರೊಳಗೆ ನಿಲ್ಲುತ್ತದೆ. ಆದ್ದರಿಂದ ಒಬ್ಬರ ಕ್ರಿಯಾಟಿನಿನ್ 0.7ರಿಂದ 1.0ಕ್ಕೆ ಹೋದರೆ, ಅದು ಗೆರೆಯೊಳಗೇ ಇದ್ದು ದಪ್ಪಕ್ಷರವೇ ಬರದಿದ್ದರೂ, ಯಾರಾದರೂ ಗಮನಿಸಲೇಬೇಕು. ಗೆರೆಯಾಚೆಗಿನ 5.3 ಸುಮ್ಮನಿರಬಹುದು, ಗೆರೆಯೊಳಗಿನ 1.0 ಸುಮ್ಮನಿರಲಿಕ್ಕಿಲ್ಲ. ಅದನ್ನು ತಿಳಿಯಲು ಹಿಂದಿನ ರಿಪೋರ್ಟು ಕೈಯಲ್ಲಿರಬೇಕು, ಅಷ್ಟೇ.

ಡೆನ್ಮಾರ್ಕಿನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಬಹಳ ಇಷ್ಟ. ಆರೋಗ್ಯವಂತ 16 ಗಂಡಸರು, ತಿಂಗಳಿಗೊಮ್ಮೆಯಂತೆ ಒಂದು ವರ್ಷ ರಕ್ತ ಕೊಟ್ಟರು. ಒಬ್ಬೊಬ್ಬರ ಥೈರಾಯ್ಡ್ ಅಂಕಿಗಳೂ ತಮ್ಮದೇ ಒಂದು ಪಟ್ಟಿಯೊಳಗೆ ಓಡಾಡಿದವು. ಆ ಪಟ್ಟಿ ಎಲ್ಲರನ್ನೂ ಸೇರಿಸಿ ಎಳೆದ ಮಿತಿಗಿಂತ ಬಹಳ ಕಿರಿದಾಗಿತ್ತು. ಕೆಲವರದು ಕೆಳಗೆ, ಕೆಲವರದು ಮೇಲೆ. ಎಂದರೆ ಒಬ್ಬರಿಗೆ ಸರಿಯಾದ ಮಿತಿ ಅವರದೇ ಹಳೆಯ ಅಂಕಿಗಳಲ್ಲಿ ಸಿಗುತ್ತದೆ.

ಇದನ್ನು ಹೇಳಿದಾಗ ಅತ್ತಿಗೆ ಅಟ್ಟದ ಟ್ರಂಕಿನಲ್ಲಿದ್ದ ಫೈಲನ್ನು ಇಳಿಸಿ ತಂದರು. ಮಕ್ಕಳ ಲಸಿಕೆ ಕಾರ್ಡು, ಅಣ್ಣನ ಎಕ್ಸ್‌ರೇ, ಹಳೆಯ ಕನ್ನಡಕದ ಚೀಟಿಗಳ ನಡುವೆ, ನಾಲ್ಕು ವರ್ಷದ ಹಿಂದೆ ಒಂದು ಸಣ್ಣ ಆಪರೇಷನ್‌ಗೆ ಮೊದಲು ಇದೇ ಲ್ಯಾಬಿನಲ್ಲಿ ಮಾಡಿಸಿದ್ದ ರಿಪೋರ್ಟು ಸಿಕ್ಕಿತು. ಟಿಎಸ್‌ಎಚ್ 3.9. ಗೆರೆಯೊಳಗೆ ಇದ್ದುದರಿಂದ ಅಂದು ಅದನ್ನು ಯಾರೂ ಓದಿರಲಿಲ್ಲ. 3.9, 5.3, 4.4. ಮೂರರ ಸರಾಸರಿ 4.5ರ ಹತ್ತಿರ. ನಾಲ್ಕು ವರ್ಷದ ಹಿಂದೆಯೂ ಅತ್ತಿಗೆ ಹೆಚ್ಚುಕಡಿಮೆ ಇಲ್ಲೇ ಇದ್ದರು.

ಮೂರೂ ಕಾಗದಕ್ಕೆ ಒಂದೇ ಪಿನ್ನು ಹೊಡೆದು, ಮೇಲಿನದರ ಮೂಲೆಯಲ್ಲಿ ಪೆನ್ನಿನಿಂದ ಬರೆದುಕೊಂಡರು: ಮುಂದಿನ ವರ್ಷ ಯುಗಾದಿ ಆದ ಮೇಲೆ, ಬೆಳಗ್ಗೆ ಒಂಬತ್ತೂವರೆ, ಇದೇ ಲ್ಯಾಬು, ರಾತ್ರಿ ಬಸ್ಸು ಬೇಡ.